‘ನೋಡ್ಕೋತೀನಿ’ ಎಂಬ ಮಾತಿನ ಇನ್ನೊಂದು ತುದಿ

ನನ್ನ ಹೆಂಡತಿಯ ತಂಗಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಮಡಿಕೆಯಕ್ಕ ಎಂದು ಹೆಸರು. ಮಡಕೆಯಂತೆ ಗುಂಡಗಿದ್ದಾಳೆ ಎಂದು ಹಾಗೆ ಕರೆಯುತ್ತಾರೆ ಅಂತ ನಾನು ಬಹಳ ಕಾಲ ತಿಳಿದಿದ್ದೆ. ಹಾಗೆಂದು ಒಮ್ಮೆ ಬಾಯಿಬಿಟ್ಟು ಹೇಳಿಯೂ ಬಿಟ್ಟೆ.

“ಭಾವ, ಮಡಕೆ ಅಲ್ಲ, ಮಡಿಕೆ. ಬಟ್ಟೆ ಮಡಿಸೋ ಮಡಿಕೆ. ಅಂಗಡಿ ಬೋರ್ಡು ನೋಡಿ ಅಕ್ಷರ ಕಲಿತೋರಿಗೆ ಒಂದು ಗುಡಿಸು ಹೆಚ್ಚು ಕಡಿಮೆ ಆಗುತ್ತೆ, ಬಿಡಿ” ಎಂದಳು.

ಅವಳು ಹೇಳಿದ್ದು ನಿಜ. ನಾನು ಅಕ್ಷರ ಕಲಿತದ್ದು ಬೀದಿಯ ಬೋರ್ಡುಗಳಿಂದಲೇ. ಕಸುಬು ಬೀಗ ರಿಪೇರಿ. ಆದರೂ ಈಗ ಬರೆಯಲು ಕೂತಿದ್ದೇನೆ. ಅವಳ ಬದುಕಿನಲ್ಲಿ ಬರೆದಿಡಬೇಕಾದ ಸಂಗತಿಯೊಂದು ನಡೆಯಿತು. ಅದರಲ್ಲಿ ಕೆಲವರು ಮಾಡಿದ ಉಪಕಾರವನ್ನು ಬರೀ ಬಾಯಲ್ಲಿ ಹೇಳಿ ಗಾಳಿಗೆ ಬಿಡಲು ನನಗೆ ಮನಸ್ಸಿಲ್ಲ.

ಲಾಂಡ್ರಿಯ ಕೆಲಸ ಹೊರಗಿನವರಿಗೆ ತಿಳಿಯದು. ಒಣಗಿಸುವ ಯಂತ್ರದಿಂದ ಹಾಸಿಗೆ ಬಟ್ಟೆ ಬರುವಾಗ ಕೈ ಸುಡುವಷ್ಟು ಬಿಸಿ ಇರುತ್ತದೆ. ಇಬ್ಬರು ಎರಡು ತುದಿ ಹಿಡಿದು ಹಿಂದಕ್ಕೆ ಸರಿದು ಒಮ್ಮೆ ಜೋರಾಗಿ ಜಗ್ಗುತ್ತಾರೆ. ಬಟ್ಟೆ ಪಟ್ ಎನ್ನುತ್ತದೆ, ಸುಕ್ಕು ಬಿಡುತ್ತದೆ. ಅಂಚಿಗೆ ಅಂಚು ಕೂಡಿಸಿ ಇಬ್ಬರೂ ಎದುರುಬದುರು ನಡೆದು ಬರುತ್ತಾರೆ. ಒಬ್ಬಳು ತನ್ನ ತುದಿಯನ್ನು ಇನ್ನೊಬ್ಬಳ ಕೈಗೆ ಕೊಟ್ಟು, ಬಾಗಿ, ಕೆಳಗಿನ ಮಡಿಕೆಯನ್ನು ಎತ್ತುತ್ತಾಳೆ. ನನ್ನ ನಾದಿನಿಗೆ ಜೊತೆಯಾಗಿ ದುಡಿಯುತ್ತಿದ್ದವಳು ಉದ್ದಕ್ಕ. ಹೆಸರೇ ಹೇಳುವಂತೆ ಬಾಗಿಲ ಚೌಕಟ್ಟಿಗೆ ತಲೆ ತಾಗುವ ಹೆಂಗಸು. ಒಬ್ಬಳು ಗಿಡ್ಡ, ಒಬ್ಬಳು ಉದ್ದ. ಆದರೂ ಅವರು ಮಡಿಸಿದ ಬಟ್ಟೆಯ ಮೂಲೆ ಒಂದು ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ನಾದಿನಿಯನ್ನು ಕೇಳಿದರೆ, “ಇನ್ನೊಂದು ತುದಿ ಸರಿಯಾಗಿ ಹಿಡಿಯೋನು ಸಿಗಲಿಲ್ಲ, ಉದ್ದಕ್ಕ ಸಿಕ್ಕಿದ್ಲು” ಎನ್ನುವಳು. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅವಳ ವಾಸ. ಆ ಕೆಲಸವೇ ಅವಳ ಆಸ್ತಿ, ಅದೇ ಅವಳ ಮರ್ಯಾದೆ.

ಅಂಥಲ್ಲಿಗೆ ಹೊಸ ಮೇಲ್ವಿಚಾರಕ ಬಂದ. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿದ್ದರಿಂದ ಎಲ್ಲರೂ ಅವನನ್ನು ಸೀಟಿ ಎಂದೇ ಕರೆದರು. ಆಫೀಸಿನವರ ಎದುರು ಅವನ ಬಾಯಲ್ಲಿ ಬೆಣ್ಣೆ. “ತಾಯಿ, ಸ್ವಲ್ಪ ಬೇಗ ಮಾಡಿ ತಾಯಿ” ಅನ್ನುವನು. ಬಟ್ಟೆಯ ದಾಸ್ತಾನು ಕೋಣೆಯಲ್ಲಿ ಅವರು ಯಾರೂ ಇಲ್ಲದಾಗ ಅದೇ ಬಾಯಲ್ಲಿ ಕೆಂಡ.

ನಮ್ಮವಳ ಮೇಲೆ ಅವನ ಕಣ್ಣು ಬೀಳಲು ಕಾರಣ ಕೈಗವಸು. ರೋಗಿಗಳ ಕೊಳೆ ಬಟ್ಟೆಯನ್ನು ಬೇರೆ ಮಾಡುವಾಗ ಒಳಗೆ ಸೂಜಿ ಉಳಿದಿರುವುದುಂಟು. ದಪ್ಪ ಕೈಗವಸು ಮುಗಿದುಹೋಗಿ ದಿನಗಳಾಗಿದ್ದವು. ದೊಡ್ಡ ನರ್ಸಮ್ಮ ನೋಡಲು ಬಂದಿದ್ದಾಗ ಇವಳು ಎಲ್ಲರ ಮುಂದೆ ಅದನ್ನು ಕೇಳಿಬಿಟ್ಟಳು. ಸೀಟಿ ನಕ್ಕು ತಲೆಯಾಡಿಸಿದ. ಮರುದಿನದಿಂದ ಉದ್ದಕ್ಕನನ್ನು ಬೇರೆ ಮೇಜಿಗೆ ಹಾಕಿದ. ದೊಡ್ಡ ದೊಡ್ಡ ಹಾಸಿಗೆ ಬಟ್ಟೆಯನ್ನು ನಮ್ಮವಳು ಒಬ್ಬಳೇ ಮಡಿಸಬೇಕಾಯಿತು. ಒಂದು ತುದಿಯನ್ನು ಗದ್ದಕ್ಕೆ ಒತ್ತಿಕೊಂಡು, ಇನ್ನೊಂದನ್ನು ಮೊಳೆಗೆ ಸಿಕ್ಕಿಸಿ ಹೇಗೋ ಮಡಿಸುವಳು. ಅವನು ಬಂದು ಸೀಟಿಯನ್ನು ಒಂದು ಸಲ ಚಿಕ್ಕದಾಗಿ ಊದಿ, ಜೋಡಿಸಿಟ್ಟ ರಾಶಿಯನ್ನು ಕಾಲಿಂದ ಉರುಳಿಸುವನು. “ಏ ಗಿಡ್ಡಿ, ಇದು ಮಡಿಕೆನಾ? ಇನ್ನೊಂದು ಸಲ ಮಾಡು.”

ಅವಳು ಮ್ಯಾನೇಜರರ ಬಳಿ ಹೋದಳು. ಅವರು ಕನ್ನಡಕ ತೆಗೆದು, “ಅಲ್ಲಮ್ಮ, ಅಷ್ಟು ವಿನಯದ ಮನುಷ್ಯ ಅವರು! ನಿಮ್ಮನ್ನ ತಾಯಿ ಅಂತಲೇ ಕರೀತಾರಲ್ಲ” ಎಂದರು. ಅವಳು ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದಳು. ಆಮೇಲೆಯೇ ಅವಳಿಗೆ ಫೋನಿನ ಯೋಚನೆ ಹೊಳೆದದ್ದು.

ಒಂದು ಬೆಳಿಗ್ಗೆ ಏಪ್ರನ್ನಿನ ಜೇಬಿನಲ್ಲಿ ಫೋನಿಟ್ಟು, ರೆಕಾರ್ಡಿಂಗ್ ಒತ್ತಿ ದಾಸ್ತಾನು ಕೋಣೆಗೆ ಹೋದಳು. ಸೀಟಿ ಬಂದ, ರಾಶಿ ಉರುಳಿಸಿದ, ಬೈದ. ಇಷ್ಟು ದಿನ ತಲೆ ತಗ್ಗಿಸುತ್ತಿದ್ದವಳಿಗೆ ಅಂದು ಜೇಬಿನ ಬಲ ಬಂದಿತ್ತು. ಅವನಿಗೆ ಎದುರು ಮಾತಾಡಿದಳು. ಬರೀ ಎದುರು ಮಾತಲ್ಲ, ಅವನ ಸೀಟಿಯ ಬಗ್ಗೆ, ಅವನ ಅಪ್ಪನ ಬಗ್ಗೆ, ನಾನು ಇಲ್ಲಿ ಬರೆಯಲಾಗದಂಥ ಮಾತುಗಳನ್ನೂ ಆಡಿದಳು. ಇಬ್ಬರ ದನಿಗಳೂ ಒಂದರ ಮೇಲೊಂದು ಬಿದ್ದು ಕಲಸಿಹೋದವು. ಕೊನೆಗೆ ಅವನು ದನಿ ತಗ್ಗಿಸಿ, “ನಿನ್ನನ್ನ ನಾನು ನೋಡ್ಕೋತೀನಿ ತಾಯಿ” ಎಂದು ಹೊರಟುಹೋದ.

ಅವಳು ಏಪ್ರನ್ ಬಿಚ್ಚಿ ಗೂಟಕ್ಕೆ ತಗುಲಿಸಿ ಮುಖ ತೊಳೆಯಲು ಹೋದಳು. ಫೋನು ಜೇಬಿನಲ್ಲೇ ಉಳಿಯಿತು, ರೆಕಾರ್ಡಿಂಗೂ ನಡೆದೇ ಇತ್ತು. ಅಷ್ಟರಲ್ಲಿ ಉದ್ದಕ್ಕ ಆ ಕೋಣೆಗೆ ಬಂದು, ಯಾರೂ ಇಲ್ಲವೆಂದು ತಿಳಿದು, ತನ್ನ ಫೋನಿನಲ್ಲಿ ಗಂಡನೊಡನೆ ಏನೋ ಮಾತಾಡಿದಳು. ಅವಳ ಸ್ವಂತ ಮಾತು. ಅದೇನೆಂದು ನಾನು ಬರೆಯುವುದಿಲ್ಲ. ಬರೆಯಲು ನನಗೆ ಗೊತ್ತೂ ಇಲ್ಲ.

ಆ ಸಂಜೆ ಮನೆಯಲ್ಲಿ ನಾದಿನಿ ಆ ರೆಕಾರ್ಡಿಂಗ್ ಹಾಕಿ ಕೇಳಿಸಿದಳು. ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಬಂದು ಕೇಳಿ, “ಹಾಕೊಂಡು ರುಬ್ಬಿದ್ಲು ನೋಡ್ರೀ ನನ್ನ ತಂಗಿ! ಬಾಯಿ ಅಂದ್ರೆ ಇದು!” ಎಂದು ಕುಣಿದಳು.

ಸೀಟಿಯ ಮಾತು ಮುಗಿದ ಮೇಲೆ ಬಾಗಿಲ ಸದ್ದು ಕೇಳಿತು, ಬೇರೊಂದು ಹೆಣ್ಣುದನಿ “ರೀ, ನಾನು” ಎಂದಿತು.

“ಇದು ಯಾರು?” ಎಂದೆ.

ನಾದಿನಿ ತಟ್ಟನೆ ನಿಲ್ಲಿಸಿದಳು. “ಉದ್ದಕ್ಕ. ನಾನು ಆಗ್ಲೇ ಪೂರ್ತಿ ಕೇಳ್ಬಿಟ್ಟೆ ಭಾವ. ಕೇಳಬಾರ್ದಿತ್ತು.”

ನನ್ನ ಕಸುಬಿನಲ್ಲಿ ಮನೆಯವರು ಎದುರಿಗಿಲ್ಲದೆ ಬೀಗ ತೆಗೆಯುವುದಿಲ್ಲ. ಅದಕ್ಕೇ ನನಗೆ ಒಳಗೊಳಗೇ ಇರಿಸುಮುರಿಸಾಯಿತು. ಅವಳಿಗೆ ಮಾತ್ರ ಬೇರೊಂದು ನಾಚಿಕೆ ಕಾಡುತ್ತಿತ್ತು. ತನ್ನ ಬೈಗುಳವನ್ನು ಮ್ಯಾನೇಜರು ಕೇಳಿದರೆ ಏನು ಗತಿ? ಅವಳು ಮೊಬೈಲ್ ಅಂಗಡಿಗೆ ಹೋಗಿ, ತನ್ನ ಮಾತಿಲ್ಲದಂತೆ ಕತ್ತರಿಸಿಕೊಡಲು ಕೇಳಿದಳು. ದನಿಗಳು ಕಲಸಿದ್ದರಿಂದ ಅಂಗಡಿಯವನಿಗೆ ಶುದ್ಧವಾಗಿ ಸಿಕ್ಕಿದ್ದು ಕೊನೆಯ ತುಣುಕೊಂದೇ: “ನಿನ್ನನ್ನ ನಾನು ನೋಡ್ಕೋತೀನಿ ತಾಯಿ.” ಅದನ್ನೇ ಮ್ಯಾನೇಜರರಿಗೆ ಕಳಿಸಿದಳು. ಲಾಂಡ್ರಿಯವರ ವಾಟ್ಸಾಪ್ ಗುಂಪಿಗೂ ಹಾಕಿದಳು. ಕೆಳಗೆ ‘ನೋಡಿ ಇವನ ಬಂಡವಾಳ’ ಎಂದು ಬರೆದಳು.

ತುಣುಕು ಊರೆಲ್ಲ ಸುತ್ತಿತು. ಆದರೆ ಅವಳು ಎಣಿಸಿದಂತೆ ಅಲ್ಲ. ನಮ್ಮ ಮಾತಿನಲ್ಲಿ ‘ನೋಡ್ಕೋತೀನಿ’ ಎಂದರೆ ಹೆತ್ತವರನ್ನು ಸಾಕುವವನೂ ಹೇಳುವ ಮಾತು, ಕತ್ತು ಹಿಸುಕುವವನೂ ಹೇಳುವ ಮಾತು. ಯಾವುದೆಂದು ತಿಳಿಯಬೇಕಾದರೆ ಅದಕ್ಕೆ ಮುಂಚೆ ಏನಾಡಿದ ಎಂದು ಕೇಳಬೇಕು. ಅದನ್ನೇ ಇವಳು ಕತ್ತರಿಸಿ ಎಸೆದಿದ್ದಳು.

“ಪಾಪ, ಚೆನ್ನಾಗಿ ನೋಡ್ಕೋತೀನಿ ಅಂದಿದಾರೆ. ನಂಗೂ ಯಾರಾದ್ರೂ ಹಾಗಂದ್ರೆ ಸಾಕು” ಎಂದು ಗುಂಪಿನಲ್ಲಿ ಒಬ್ಬಳು ನಕ್ಕಳು. ಉಳಿದವರು ಇವಳನ್ನು ಕಂಡರೆ ಮಾತು ನಿಲ್ಲಿಸತೊಡಗಿದರು. ಯಾರ ಮಾತು ಇವಳ ಜೇಬಿನಲ್ಲಿದೆಯೋ ಎಂಬ ಅಳುಕು. ಸೀಟಿ ಕೈಕಟ್ಟಿ ಕೂರಲಿಲ್ಲ. ಕದ್ದು ರೆಕಾರ್ಡ್ ಮಾಡಿ, ಮಾತು ತಿರುಚಿ, ತನ್ನ ಮಾನ ಕಳೆದಳೆಂದು ದೂರು ಕೊಟ್ಟ. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಎಂದು ಆಫೀಸು ಇವಳಿಗೆ ಹೇಳಿತು. ಕಿರುಕುಳ ಅನುಭವಿಸಿದವಳೇ ಕಟಕಟೆಯಲ್ಲಿ ನಿಂತಂತಾಯಿತು.

ನಮ್ಮ ಬೀದಿಯ ತುದಿಯಲ್ಲಿ ಒಬ್ಬ ವಕೀಲಮ್ಮ ಇದ್ದಾರೆ. ಅವರ ಮನೆ ಬಾಗಿಲಿನ ಹಟಮಾರಿ ಬೀಗವನ್ನು ನಾನು ಎಷ್ಟೋ ಸಲ ಸರಿಮಾಡಿದ್ದೇನೆ. ನಾದಿನಿಯನ್ನು ಕರೆದುಕೊಂಡು ಹೋದೆ. ಅವರು ಸಮಾಧಾನದ ಮಾತೊಂದನ್ನೂ ಆಡದೆ ಮೊದಲು ಕೇಳಿದ್ದು, “ಪೂರ್ತಿ ರೆಕಾರ್ಡಿಂಗ್ ಎಲ್ಲಿದೆ? ಅಳಿಸಿಬಿಟ್ರಾ?”

“ಇಲ್ಲ ಮೇಡಂ. ಅಳಿಸೋದು ಹೇಗೆ ಅಂತ ಗೊತ್ತಿರ್ಲಿಲ್ಲ.”

“ಆ ಗೊತ್ತಿಲ್ಲದ್ದೇ ನಿಮ್ಮನ್ನ ಉಳಿಸಿದ್ದು. ಆ ಫೋನಿನಲ್ಲಿ ಅದರ ಹೆಸರು ಬದಲಾಯಿಸಬೇಡಿ, ಕತ್ತರಿಸಬೇಡಿ. ಫೋನು ಮಾರಬೇಡಿ, ರಿಪೇರಿಗೆ ಕೊಡಬೇಡಿ. ಇದ್ದ ಹಾಗೇ ಒಂದು ನಕಲು ತೆಗೆದು ಬೇರೆ ಇಡೋಣ. ಮೊಬೈಲ್ ಅಂಗಡಿಯವನ ಕಂಪ್ಯೂಟರಿನಲ್ಲಿ ಉಳಿದಿರೋದನ್ನ ನಿಮ್ಮ ಕಣ್ಣೆದುರೇ ಅಳಿಸಿಸಿ.”

“ಅಂದ್ರೆ ನಾನು ಮಾಡಿದ್ದು ಅಪರಾಧನಾ?” ಎಂದಳು ನಾದಿನಿ.

ವಕೀಲಮ್ಮ ಕುರ್ಚಿ ಹತ್ತಿರ ಎಳೆದುಕೊಂಡರು. “ಒಂದೊಂದಾಗಿ ಬಿಡಿಸಿ ಹೇಳ್ತೀನಿ. ನೀವೇ ಪಾಲ್ಗೊಂಡ ಮಾತನ್ನ ನೀವು ರೆಕಾರ್ಡ್ ಮಾಡ್ಕೊಂಡ್ರೆ ಇಲ್ಲಿನ ಕಾನೂನಲ್ಲಿ ಸಾಮಾನ್ಯವಾಗಿ ಅಪರಾಧ ಅಲ್ಲ. ದೇಶದ ಗಡಿ ದಾಟಿದ್ರೆ ಬೇರೆ ಕಾನೂನು. ಮಾತಾಡೋ ಎಲ್ಲರ ಒಪ್ಪಿಗೆ ಬೇಕು ಅನ್ನೋ ಕಡೆಗಳೂ ಇವೆ, ಅಲ್ಲಿ ಇದಕ್ಕೇ ಜೈಲಾಗಬಹುದು. ಅದಕ್ಕೇ ಮುಂಚೆ ಕಾನೂನು ಗೊತ್ತಿದ್ದವರನ್ನ ಕೇಳಬೇಕಿತ್ತು. ಇನ್ನು ಅಪರಾಧ ಅಲ್ಲ ಅಂದ ಮಾತ್ರಕ್ಕೆ ಕೆಲಸ ಉಳಿಯುತ್ತೆ ಅಂತಲೂ ಇಲ್ಲ. ರೋಗಿಗಳ ಗುಟ್ಟು ಕಾಯೋಕೆ ಅಲ್ಲಿ ರೆಕಾರ್ಡಿಂಗ್ ಬೇಡ ಅಂತ ಆಸ್ಪತ್ರೆ ನಿಯಮ ಇದೆ. ನೀವು ಅದನ್ನ ಮುರಿದಿದ್ದೀರಿ, ಒಪ್ಕೊಳ್ಳಿ. ಗುಂಪಿಗೆ ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು. ದೂರು ಕೇಳೋರಿಗೆ ಕೊಡೋದು ಬೇರೆ, ಬೀದಿಗೆ ಹಾಕೋದು ಬೇರೆ. ಮಾನಹಾನಿ ಅಂತ ಅವನು ನಿಮ್ಮ ಮೇಲೇ ಕೇಸು ಹಾಕಬಹುದು. ಇವತ್ತೇ ತೆಗೆದುಹಾಕಿ, ತಪ್ಪಾಯ್ತು ಅಂತ ಬರೀರಿ.”

“ಮತ್ತೆ ಉದ್ದಕ್ಕಂದು?”

“ಅದೇ ಎಲ್ಲಕ್ಕಿಂತ ಕಷ್ಟದ್ದು. ಅಲ್ಲಿ ನೀವಿರಲಿಲ್ಲ. ನೀವಿಲ್ಲದ ಮಾತನ್ನ ಹಿಡಿಯೋದು ಕದ್ದು ಕೇಳಿದ ಹಾಗೆ. ಬೇಕಂತ ಮಾಡಲಿಲ್ಲ ಅನ್ನೋದು ನಿಮ್ಮ ಕಡೆಗಿದೆ. ಆದ್ರೆ ಇನ್ನು ಮುಂದೆ ಅದನ್ನ ಯಾರಿಗಾದ್ರೂ ಕೇಳಿಸಿದ್ರೆ ಆ ಮಾತೂ ನಿಲ್ಲಲ್ಲ.”

“ಅದಷ್ಟನ್ನ ಅಳಿಸಿಬಿಡ್ಲಾ?”

“ಅಳಿಸಿದ್ರೆ ಮತ್ತೆ ಕತ್ತರಿಸಿದ ಹಾಗೇ ಆಯ್ತಲ್ಲ! ಇದ್ದ ಹಾಗೇ ಇರಲಿ. ವಿಚಾರಣೆ ಮಾಡೋ ಸಮಿತಿಗೆ ಮೊದಲೇ ಹೇಳಿ, ಆ ಭಾಗ ಕೇಳಿಸಬೇಡಿ ಅಂತ ಕೇಳ್ಕೊಳ್ಳೋಣ. ಅದಕ್ಕೂ ಮುಂಚೆ ಉದ್ದಕ್ಕನಿಗೆ ನೀವೇ ಹೋಗಿ ಹೇಳಬೇಕು. ಅವರು ಸಾಕ್ಷಿ ಹೇಳೋರಾದ್ರೆ ಸೀಟಿಯ ಮಾತನ್ನೂ ಅವರಿಗೆ ಕೇಳಿಸಬೇಡಿ. ಕೇಳಿಸಿ ಹೇಳಿಸಿದ ಸಾಕ್ಷಿಗೆ ಬೆಲೆ ಇಲ್ಲ.”

ಹೊರಗೆ ಬಂದ ಮೇಲೆ ನಾದಿನಿ, “ಏನು ಭಾವ, ನಮ್ಮ ಕಡೆ ಮಾತಾಡ್ತಾರೆ ಅಂತ ಕರ್ಕೊಂಡು ಬಂದ್ರೆ ಇವರೂ ನನ್ನನ್ನೇ ಒಗೆದು ಹಿಂಡಿದ್ರು” ಎಂದಳು.

“ಒಗೆದ್ರೆ ತಾನೇ ಕೊಳೆ ಬಿಡೋದು. ನಿನ್ನ ಕಸುಬೇ ಅದಲ್ವೇನೆ” ಎಂದೆ. ಅಂದು ಅವಳು ನಕ್ಕದ್ದು ಆಗೊಮ್ಮೆ ಮಾತ್ರ. ಸಿಹಿ ಮಾತಾಡಿ ನಮ್ಮನ್ನು ಹಳ್ಳಕ್ಕೆ ತಳ್ಳದ ಆ ತಾಯಿಯ ಬೀಗವನ್ನು ನನ್ನ ಕೈ ಆಡುವವರೆಗೆ ನಾನೇ ನೋಡಿಕೊಳ್ಳುತ್ತೇನೆ, ಒಳ್ಳೆಯ ಅರ್ಥದಲ್ಲಿ.

ಉದ್ದಕ್ಕನ ಮನೆಗೆ ನಾನೂ ಹೋಗಿದ್ದೆ. ಬಾಗಿಲಲ್ಲೇ ನಿಂತು ನಾದಿನಿ ಎಲ್ಲವನ್ನೂ ಹೇಳಿದಳು, ಪೂರ್ತಿ ಕೇಳಿದ್ದನ್ನೂ ಮುಚ್ಚಿಡಲಿಲ್ಲ. ಉದ್ದಕ್ಕನ ಮುಖ ಬೂದಿಯಂತಾಯಿತು.

“ನನ್ನ ಗಂಡಂಗೆ ಮಾತ್ರ ಹೇಳಿದ ಮಾತು ನಿನ್ನ ಜೇಬಲ್ಲಿತ್ತೇನೇ?”

“ಬೇಕಂತ ಅಲ್ಲ ಕಣೆ.”

“ಬೇಕಂತ ಅಲ್ದೇ ಇದ್ರೆ ಯಾಕೆ ಕೊನೆವರೆಗೂ ಕೇಳಿದೆ? ನನ್ನ ದನಿ ನಿಂಗೆ ಗೊತ್ತಿರ್ಲಿಲ್ವಾ?”

“ಹೋಗು ಈಗ” ಎಂದು ಉದ್ದಕ್ಕ ಬಾಗಿಲು ಹಾಕಿಕೊಂಡಳು. ಸಾಕ್ಷಿಗೆ ಬಾ ಎಂದು ಕೇಳುವ ಬಾಯಿ ನಮಗಿರಲಿಲ್ಲ. ವಕೀಲಮ್ಮನೇ ಸಮಿತಿಗೆ ಬರೆದು, ಉದ್ದಕ್ಕನನ್ನು ಸಮಿತಿಯೇ ಕರೆದು ವಿಚಾರಿಸಲಿ ಎಂದರು. ಬರುವುದು ಬಿಡುವುದು ಅವಳಿಷ್ಟ.

ವಿಚಾರಣೆಯ ದಿನ ಜೊತೆಗೊಬ್ಬರು ಬರಬಹುದು, ಆದರೆ ಬಾಯಿ ತೆರೆಯುವಂತಿಲ್ಲ ಎಂಬ ನಿಯಮವಿತ್ತು. “ಅಕ್ಕನ್ನ ಕರ್ಕೊಂಡು ಹೋದ್ರೆ ಗೋಡೆ ಬಿರಿಯುತ್ತೆ. ನೀವೇ ಬನ್ನಿ ಭಾವ, ನಿಮ್ಮ ಬಾಯಿಗೆ ನಿಮ್ಮದೇ ಬೀಗ ಹಾಕೊಂಡು ಬನ್ನಿ” ಎಂದಳು. ಆ ಬೀಗ ಹಾಕಿಕೊಂಡು ಕೂತದ್ದು ನನ್ನ ಜೀವನದ ಬಲು ಕಷ್ಟದ ಕೆಲಸ.

ಉದ್ದನೆಯ ಮೇಜಿನ ಹಿಂದೆ ಸಮಿತಿಯ ಮೂವರು ಕೂತಿದ್ದರು: ದೊಡ್ಡ ನರ್ಸಮ್ಮ, ಔಷಧಿ ವಿಭಾಗದ ಮುಖ್ಯಸ್ಥರು, ನಡುವೆ ಹೊರಗಿನಿಂದ ಕರೆಸಿದ ನಿವೃತ್ತ ಮೇಡಂ ಒಬ್ಬರು. ಅವರೇ ಅಧ್ಯಕ್ಷರು. ಆಸ್ಪತ್ರೆಯ ಕಂಪ್ಯೂಟರಿನವನು ಫೋನಿನಲ್ಲಿದ್ದ ಮೂಲವನ್ನೂ ನಾವು ಕೊಟ್ಟ ನಕಲನ್ನೂ ಪಕ್ಕಪಕ್ಕ ಇಟ್ಟು, ತಾರೀಖು, ಉದ್ದ ಎಲ್ಲ ಹೋಲಿಸಿ, ಎರಡೂ ಒಂದೇ ಎಂದ.

ಮೊದಲು ತುಣುಕನ್ನು ಕೇಳಿಸಿದರು. ಸೀಟಿ ಕೈಮುಗಿದ. “ನೋಡಿ ಮೇಡಂ, ಒಬ್ಬರೇ ಕಷ್ಟ ಪಡ್ತಿದ್ರು. ನಾನು ನೋಡ್ಕೋತೀನಿ ತಾಯಿ ಅಂದೆ. ಇದರಲ್ಲಿ ತಪ್ಪೇನಿದೆ?” ಮೂವರೂ ಹೌದೆಂಬಂತೆ ತಲೆಯಾಡಿಸಿದರು.

ಆಮೇಲೆ ಪೂರ್ತಿಯದನ್ನು ಹಾಕಿದರು. ಮೊದಲು ಚಿಕ್ಕದೊಂದು ಸೀಟಿ. ಬಟ್ಟೆ ರಾಶಿ ದೊಪ್ಪನೆ ಬಿದ್ದ ಸದ್ದು. “ಏ ಗಿಡ್ಡಿ.” ಇವಳ ಬೈಗುಳ ಒಂದೊಂದೂ ಆ ತಣ್ಣನೆಯ ಕೋಣೆಯಲ್ಲಿ ಕಲ್ಲಿನಂತೆ ಬಿತ್ತು. ಇವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಗದ್ದಲದ ನಡುವೆ ಅವನ ದನಿಯೂ ಇತ್ತು. “ಇನ್ನೊಂದು ಸಲ ಗ್ಲೌಸು ಅಂತ ಬಾಯಿ ಬಿಟ್ರೆ ಬರೀ ಕೈಯಲ್ಲಿ ಕೊಳೆ ಬಟ್ಟೆ ಕಡೆ ಹಾಕ್ತೀನಿ. ಸೂಜಿ ಚುಚ್ಚಲಿ, ಆಗ ತಿಳಿಯುತ್ತೆ. ನಿನ್ನನ್ನ ನಾನು ನೋಡ್ಕೋತೀನಿ ತಾಯಿ.” ಆಗ ಆ ಮಾತಿನ ಇನ್ನೊಂದು ತುದಿ ಎಲ್ಲರ ಕೈಗೂ ಸಿಕ್ಕಿತು. ಅಲ್ಲಿಗೆ ನಿಲ್ಲಿಸಿ, ಮುಂದಿನದು ಬೇರೊಬ್ಬರ ಸ್ವಂತ ಮಾತೆಂದು ಲಕೋಟೆಯಲ್ಲಿ ಮುಚ್ಚಿಟ್ಟರು. ಸೀಟಿಯ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು.

ಗೆದ್ದೆವು ಎಂದುಕೊಂಡೆ. ಅಧ್ಯಕ್ಷರು ಅಷ್ಟು ಸುಲಭಕ್ಕೆ ಬಿಡಲಿಲ್ಲ.

“ಅಮ್ಮ, ನೀವು ಅವರನ್ನ ಕೆಣಕಿದ್ದೀರಿ.”

“ಹೌದು ಮೇಡಂ. ರೆಕಾರ್ಡ್ ಆಗ್ತಿದೆ ಅನ್ನೋ ಧೈರ್ಯಕ್ಕೆ ಬಾಯಿ ಜಾಸ್ತಿ ಆಯ್ತು.”

“ಆ ಭಾಗ ಕತ್ತರಿಸಿ ತೆಗೆದು ಮ್ಯಾನೇಜರರಿಗೆ ಕಳಿಸಿದ್ರಿ.”

“ಹೌದು. ನನ್ನ ಬಾಯಿ ನಂಗೇ ನಾಚಿಕೆ ಆಯ್ತು. ಅವನ ತಪ್ಪು ತೋರ್ಸೋಕೆ ಹೋಗಿ ನನ್ನದನ್ನ ಬಚ್ಚಿಟ್ಟೆ.”

“ಹಾಗಿದ್ರೆ, ಕೆಣಕಿದ್ದಕ್ಕೆ ಅವರು ಒಂದು ದಿನ ಹೀಗೆ ಮಾತಾಡಿದ್ರೋ, ಯಾವಾಗ್ಲೂ ಹೀಗೇನೋ, ಇದೊಂದರಿಂದ ನಾವು ಹೇಗೆ ತಿಳಿಯೋದು?”

ಅದು ಸರಿಯಾದ ಪ್ರಶ್ನೆ. ಫೋನು ಅದಕ್ಕೆ ಉತ್ತರ ಕೊಡಲಾರದು. ನನ್ನ ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಚೌಕಟ್ಟಿಗೆ ತಲೆ ತಾಗದಂತೆ ಬಾಗಿ ಉದ್ದಕ್ಕ ಒಳಗೆ ಬಂದಳು.

“ಮೊದಲೇ ಹೇಳ್ತೀನಿ, ನಾನು ಇವಳ ಪರವಾಗಿ ಬಂದಿಲ್ಲ. ಇವಳ ಮೇಲೆ ನಂಗೆ ಸಿಟ್ಟಿದೆ. ಏನಂತ ಕೇಳ್ಬೇಡಿ” ಎಂದಳು.

“ರೆಕಾರ್ಡಿಂಗ್ ಕೇಳಿದ್ದೀರಾ?”

“ಇಲ್ಲ. ಬೇಕಾಗೂ ಇಲ್ಲ. ನಂಗೆ ಕಣ್ಣಿವೆ.” ಅವಳು ಸೀಟಿಯ ಕಡೆ ತಿರುಗಲಿಲ್ಲ. “ಇವರು ಬರ್ತಾರೆ, ಸೀಟಿನ ಒಂದೇ ಸಲ ಚಿಕ್ಕದಾಗಿ ಊದ್ತಾರೆ, ಕಾಲಿಂದ ರಾಶಿ ತಳ್ತಾರೆ. ಆಮೇಲೆ ಬೈಯ್ತಾರೆ. ಕೊನೆಗೆ ದನಿ ಇಳಿಸಿ ನೋಡ್ಕೋತೀನಿ ತಾಯಿ ಅಂತಾರೆ. ಇಸ್ತ್ರಿ ಮಾಡೋ ಹುಡುಗಿಗೂ ಹಾಗೇ ಅಂದ್ರು, ಗಾಡಿ ತಳ್ಳೋ ಅಜ್ಜಂಗೂ ಅಂದ್ರು. ಅಂದ ಮಾರನೇ ದಿನ ಇಬ್ಬರೂ ಬರೀ ಕೈಯಲ್ಲಿ ಕೊಳೆ ಬಟ್ಟೆ ಕಡೆ ಇದ್ರು. ಯಾರು ಯಾವತ್ತು ಎಲ್ಲಿ ಅಂತ ಹಾಜರಿ ಹಾಕೋರನ್ನ ಕೇಳಿ.”

ನರ್ಸಮ್ಮ ಅಧ್ಯಕ್ಷರ ಮುಖ ನೋಡಿದರು. ಚಿಕ್ಕ ಸೀಟಿ, ಬೀಳುವ ರಾಶಿ, ಇಳಿದ ದನಿ. ತಾವು ಆಗತಾನೇ ಕೇಳಿದ್ದನ್ನು, ಕೇಳದೇ ಇದ್ದವಳೊಬ್ಬಳು ಸಾಲಾಗಿ ಹೇಳಿದ್ದಳು. ಅದೂ ಸಿಟ್ಟಿನಲ್ಲಿದ್ದವಳು. ಗೆಳತಿಯಂತೆ ಓಲೈಸಿ ಹೇಳಿದ್ದರೆ ಅರ್ಧ ನಂಬುತ್ತಿದ್ದರೋ ಏನೋ. ಇಸ್ತ್ರಿಯವಳನ್ನೂ ಗಾಡಿಯ ಅಜ್ಜನನ್ನೂ ಕರೆದು ಬೇರೆ ಬೇರೆಯಾಗಿ ಕೇಳಿದರು. ಇಬ್ಬರೂ ಅದನ್ನೇ ಹೇಳಿದರು.

ತೀರ್ಪು ಬಂತು. ಕತ್ತರಿಸಿದ ತುಣುಕನ್ನು ಸಮಿತಿ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪೂರ್ತಿ ರೆಕಾರ್ಡಿಂಗನ್ನು ಸಾಕ್ಷಿಗಳ ಮಾತಿಗೆ ಒತ್ತಾಸೆ ಎಂದಷ್ಟೇ ಒಪ್ಪಿತು, ಅದೊಂದರ ಮೇಲೆ ನಿಲ್ಲಲಿಲ್ಲ. ಸೀಟಿಯನ್ನು ಆ ಹುದ್ದೆಯಿಂದ ತೆಗೆದರು. ನಿಯಮ ಮುರಿದದ್ದಕ್ಕೆ, ಗುಂಪಿಗೆ ಹಾಕಿದ್ದಕ್ಕೆ ನಮ್ಮವಳಿಗೆ ಬರಹದಲ್ಲಿ ಎಚ್ಚರಿಕೆ ಕೊಟ್ಟರು. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕೆಲಸ ಉಳಿಯಿತು.

“ಅಮ್ಮ, ಸತ್ಯ ನಿಮ್ಮ ಕಡೆಗೇ ಇತ್ತು. ನೀವು ಅದನ್ನ ಕತ್ತರಿಸದೇ ಇದ್ದಿದ್ರೆ ಇಷ್ಟು ದೂರ ಬರ್ತಿರಲಿಲ್ಲ” ಎಂದು ಅಧ್ಯಕ್ಷರು ಎದ್ದರು. ಬೈದಂತೆಯೂ ಇತ್ತು, ತಲೆ ಸವರಿದಂತೆಯೂ ಇತ್ತು. ಪೂರ್ತಿ ಕೇಳುವ ತಾಳ್ಮೆ ಇದ್ದ ಆ ಹೆಂಗಸಿಗೆ ನಾನು ಬಾಯಿ ತೆರೆಯದೆಯೇ ಕೈಮುಗಿದೆ.

ಮರಳಿ ಕೆಲಸಕ್ಕೆ ಹೋದ ದಿನ ಮೇಜಿನ ಮೇಲೆ ದಪ್ಪ ಕೈಗವಸುಗಳ ಹೊಸ ಕಟ್ಟು ಇತ್ತಂತೆ. ನಾದಿನಿ ಮಾತಾಡದೆ ಹಾಸಿಗೆ ಬಟ್ಟೆಯೊಂದನ್ನು ಎಳೆದುಕೊಂಡು, ಎಂದಿನಂತೆ ಒಂದು ತುದಿಯನ್ನು ಗದ್ದಕ್ಕೆ ಒತ್ತಿಕೊಂಡಳು. ಎದುರಿನ ತುದಿ ತಾನಾಗಿ ನೆಲದಿಂದ ಮೇಲೆದ್ದಿತು. ಉದ್ದಕ್ಕ ಹಿಡಿದಿದ್ದಳು.

“ಫೋನು ಎಲ್ಲಿ?” ಎಂದು ಕೇಳಿದಳು ಉದ್ದಕ್ಕ.

“ಮನೇಲಿ, ಅಕ್ಕನ ಅಕ್ಕಿ ಡಬ್ಬದಲ್ಲಿ.”

“ಸಿಟ್ಟು ಇನ್ನೂ ಇದೆ ಕಣೆ.”

“ಇರಲಿ. ನಾನು ಕಾಯ್ತೀನಿ.”

“ಮುಂದಿನ ವಾರ ಡಾಕ್ಟ್ರ ಹತ್ರ ಹೋಗ್ಬೇಕು. ಹೆಂಗೂ ನಿಂಗೆ ಗೊತ್ತಾಗೋಗಿದೆಯಲ್ಲ, ಜೊತೆಗೆ ಬಾ. ಆಚೆ ಕೂತ್ಕೋ, ಒಳಗೆ ಬರ್ಬೇಡ.”

ಇಬ್ಬರೂ ಹಿಂದಕ್ಕೆ ಸರಿದು ಜಗ್ಗಿದರು. ಬಟ್ಟೆ ಪಟ್ ಎಂದಿತು.

ಇದನ್ನು ಬರೆಯುವ ಮುಂಚೆ ನಾನು ಉದ್ದಕ್ಕನನ್ನು ಕೇಳಿದೆ, ಅವಳ ಮಾತೂ ಇದರಲ್ಲಿ ಬರುತ್ತದಲ್ಲ ಎಂದು. “ಬರ್ಕೊಳ್ಳಿ ಅಣ್ಣ. ಮುಂಚೆ ಕೇಳಿ ಬರೆಯೋರಿಗೆ ನನ್ನ ಅಡ್ಡಿ ಇಲ್ಲ” ಎಂದಳು.